ಲೆಕ್ಕ ಸರಿಯೋ ತಪ್ಪೋ, ಚಿತ್ರವೇ ಹೇಳುತ್ತದೆ

"ಲೆಕ್ಕ ಮಾಡಿ ಆಮೇಲೆ ಚಿತ್ರ ಬರೆಯುತ್ತೇನೆ, ಎರಡೂ ಹೊಂದಲ್ಲ. ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನೋ ಸ್ಥಿತಿಸ್ಥಾಪಕತ್ವದ ಉತ್ತರ ಸರಿನಾ ಅಂತ ಪರೀಕ್ಷೆಯಲ್ಲೇ ಹೇಗೆ ತಿಳಿಯೋದು?"

ಎರಡನ್ನೂ ಜೊತೆಜೊತೆಗೇ ಮಾಡಿ. ನಮ್ಮ ಮಂಡ್ಯದ ಬೆಲ್ಲವನ್ನೇ ತಗೊಳ್ಳಿ, ಅಂಕಿಗಳು ಅಭ್ಯಾಸಕ್ಕೆ ಮಾತ್ರ. ಬೇಡಿಕೆ Qd = 100 − 2P, ಪೂರೈಕೆ Qs = 10 + P. ಎರಡನ್ನೂ ಸಮ ಮಾಡಿದರೆ ಬೆಲೆ 30 ರೂಪಾಯಿ, ಪ್ರಮಾಣ 40 ಕೆಜಿ.

ಮುಂದಕ್ಕೆ ಹೋಗದೆ ಈಗಲೇ ರೇಖೆ ಎಳೆಯಿರಿ. ಬೇಡಿಕೆ ರೇಖೆ ಬೆಲೆಯ ಅಕ್ಷವನ್ನು 50ರಲ್ಲಿ, ಪ್ರಮಾಣದ ಅಕ್ಷವನ್ನು 100ರಲ್ಲಿ ಮುಟ್ಟುತ್ತದೆ. ರೇಖೆಯ ನಡುಬಿಂದು ಇರುವುದು ಬೆಲೆ 25ರಲ್ಲಿ. ನೇರ ಬೇಡಿಕೆ ರೇಖೆಯ ನಡುಬಿಂದುವಿನಲ್ಲಿ ಸ್ಥಿತಿಸ್ಥಾಪಕತ್ವ 1, ಅದರ ಮೇಲೆ ಜಾಸ್ತಿ, ಕೆಳಗೆ ಕಡಿಮೆ. ನಮ್ಮ ಸಮತೋಲನ ಬಿಂದು ಅದಕ್ಕಿಂತ ಮೇಲಿದೆ. ಅಂದಮೇಲೆ ಉತ್ತರ 1ಕ್ಕಿಂತ ಜಾಸ್ತಿ ಬರಲೇಬೇಕು, ಅಲ್ವಾ?

ಋಣ ಚಿಹ್ನೆ ಬಿಟ್ಟು, ಬೇಡಿಕೆಯಲ್ಲಿ Pಯ ಮುಂದಿರುವ 2ನ್ನು ಬೆಲೆ/ಪ್ರಮಾಣದಿಂದ ಗುಣಿಸಿ: 2 × 30/40 = 1.5. ಬೆಲೆಯ ಅಕ್ಷದಲ್ಲಿ ಅಳೆದು, ಬಿಂದುವಿನ ಕೆಳಭಾಗವನ್ನು ಮೇಲ್ಭಾಗದಿಂದ ಭಾಗಿಸಿದರೂ 30/20, ಅದೇ 1.5.

ತುಂಬಾ ಜನ ಎಡವುವುದು ಇಳಿಜಾರಿನಲ್ಲಿ. ಚಿತ್ರದಲ್ಲಿ ಬೆಲೆ ಲಂಬ ಅಕ್ಷದಲ್ಲಿರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಇಳಿಜಾರು 50/100, ಅಂದರೆ 0.5. ಸೂತ್ರಕ್ಕೆ ಬೇಕಾದದ್ದು ಅದರ ತಿರುಗುಮುರುಗು, 2. ಸುಮ್ನೆ 0.5 ಹಾಕಿದರೆ 0.375 ಬರುತ್ತದೆ. ಬಿಂದು ನಡುವಿಗಿಂತ ಮೇಲಿದ್ದೂ ಉತ್ತರ 1ಕ್ಕಿಂತ ಕಡಿಮೆ ಬಂದರೆ, ಮೊದಲು ಇದನ್ನೇ ನೋಡಿ.