'ಎಂದುಕೊಂಡಳು' ಇಲ್ಲದ ಸಾಲು ಯಾರದು?

ಪ್ರಶ್ನೆ: ಕಥೆ ಪೂರ್ತಿ 'ಅವಳು' ಅಂತಲೇ ಸಾಗುತ್ತದೆ, ಆದರೆ ನಡುವೆ ಕೆಲವು ಸಾಲು ಅವಳೇ ಮನಸ್ಸಲ್ಲಿ ಅಂದುಕೊಂಡ ಹಾಗಿರುತ್ತವೆ. 'ಎಂದುಕೊಂಡಳು' ಇಲ್ಲದಾಗ ಅದು ನಿರೂಪಕನ ಮಾತೋ ಪಾತ್ರದ್ದೋ ಅಂತ ಗುರುತಿಸೋದು ಹೇಗೆ?

ಇಬ್ಬರೂ ಒಂದೇ ವಾಕ್ಯದಲ್ಲಿ ಇರುತ್ತಾರೆ. ಯಾವ ಪದ ಯಾರದು ಎಂದು ಬಿಡಿಸಿ ನೋಡಬೇಕು. ಮುಂಬಯಿಯಲ್ಲಿ ಕನ್ನಡ ಎಂ.ಎ. ತರಗತಿಗೆ ಇದನ್ನು ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಬರೆಯುವ ಸಾಲುಗಳಿವು:

"ಕುರ್ಲಾ ದಾಟಿದ ಮೇಲೆ ಲೋಕಲ್ ನಿಂತುಬಿಟ್ಟಿತು. ಸುಮತಿ ವಾಚು ನೋಡಿಕೊಂಡಳು. ಅಯ್ಯೋ, ನಾಳೆ ಬೆಳಿಗ್ಗೆ ಅತ್ತೆ ಬರುವವರಿದ್ದರು! ಈ ದರಿದ್ರ ಗಾಡಿ ಹೀಗೆ ನಿಂತರೆ ತಾನು ಮನೆ ಸೇರುವುದು ಯಾವಾಗ?"

ಮೂರನೆಯ ವಾಕ್ಯ ನೋಡಿ. 'ನಾಳೆ' ಎಂದರೆ ಕಥೆ ಹೇಳುವವನ ನಾಳೆಯಲ್ಲ, ಸುಮತಿಯ ನಾಳೆ. 'ಅಯ್ಯೋ' ಅವಳದು, 'ಅತ್ತೆ' ಎಂಬ ಸಂಬಂಧವೂ ಅವಳ ಕಡೆಯಿಂದಲೇ. ಆದರೆ 'ಇದ್ದರು' ಎಂಬ ಭೂತಕಾಲ ಅವಳದಲ್ಲ. ಅವಳ ಮನಸ್ಸಿನಲ್ಲಿ ಮೂಡಿದ್ದು 'ನಾಳೆ ಅತ್ತೆ ಬರ್ತಾರೆ' ಎಂದೇ. ಹಾಗೆಯೇ ಅವಳಿಗೆ 'ನಾನು' ಆಗಿದ್ದದ್ದು ಇಲ್ಲಿ 'ತಾನು' ಆಗಿದೆ. ಭಾಷಾವಿಜ್ಞಾನಿ ಫಿಲಿಪ್ ಶ್ಲೆಂಕರ್ 2004ರಲ್ಲಿ ಇದನ್ನು ಹೀಗೆ ವಿವರಿಸಿದರು: ಇಂಥ ವಾಕ್ಯಕ್ಕೆ ಎರಡು ಸಂದರ್ಭಗಳಿವೆ, ಒಂದು ಹೇಳುವವನದು, ಇನ್ನೊಂದು ಯೋಚಿಸುವವಳದು. ಕಾಲವೂ ಸರ್ವನಾಮದ ಪುರುಷವೂ ಮೊದಲನೆಯದರಿಂದ ಅರ್ಥ ಪಡೆಯುತ್ತವೆ. 'ನಾಳೆ', 'ಈ', ಉದ್ಗಾರ, ಬೈಗುಳ ಎಲ್ಲ ಎರಡನೆಯದರಿಂದ.

ಅನುಮಾನ ಉಳಿದರೆ ಮುಂದೊಂದು ವಾಕ್ಯ ಸೇರಿಸಿ: "ಅತ್ತೆ ಟಿಕೆಟ್ ಮಾಡಿಸಿದ್ದು ಅದರ ಮರುದಿನಕ್ಕೆ, ಅದು ಅವಳಿಗೆ ಗೊತ್ತಿರಲಿಲ್ಲ." ನಿರೂಪಕ ತನ್ನ ಮಾತನ್ನೇ ಅಲ್ಲಗಳೆದ ಎಂದು ನಿಮಗೆ ಅನ್ನಿಸುವುದಿಲ್ಲ. ತಪ್ಪು ತಿಳಿದುಕೊಂಡವಳು ಸುಮತಿ, ಹಿಂದಿನ ಸಾಲಿಗೆ ಹೊಣೆ ಅವಳು. ಅದೇ ಜಾಗದಲ್ಲಿ "ಮರುದಿನ ಬೆಳಿಗ್ಗೆ ಅವಳ ಅತ್ತೆ ಬರುವವರಿದ್ದರು" ಎಂದಿದ್ದರೆ ನಿರೂಪಕನೇ ಎಡವಿದಂತೆ ಕೇಳುತ್ತದೆ.

ಶ್ಲೆಂಕರ್ ವಿವರಣೆಯಲ್ಲಿ ನನಗೆ ಸಾಲದೆನಿಸುವುದು ಒಂದಿದೆ. ಸುಮತಿ ಧಾರವಾಡದವಳಾಗಿದ್ದು, ಆ ಸಾಲು "ಯವ್ವಾ, ನಾಳೆ ಅತ್ತಿ ಬರಾವ್ರಿದ್ರು!" ಎಂದಿದ್ದರೆ? ಅರ್ಥವಷ್ಟೇ ಅಲ್ಲ, ಮಾತಿನ ರೂಪವೂ ಅವಳದೇ. 2015ರಲ್ಲಿ ಇನ್ನೊಬ್ಬ ವಿದ್ವಾಂಸ ಎಮಾರ್ ಮಾಯರ್ ವಾದಿಸಿದ್ದು ಇದಕ್ಕೆ ಹೊಂದುತ್ತದೆ: ಇಡೀ ವಾಕ್ಯ ಪಾತ್ರದ ಉದ್ಧರಣೆ, ಕಾಲ ಮತ್ತು ಸರ್ವನಾಮಗಳನ್ನು ಮಾತ್ರ ನಿರೂಪಕ ಉದ್ಧರಣೆಯಿಂದ ಹೊರತೆಗೆದು ತನ್ನದಾಗಿಸಿಕೊಂಡಿದ್ದಾನೆ. ಅವೆರಡೇ ಏಕೆ ಹೊರಬರಬೇಕು ಎಂಬ ಪ್ರಶ್ನೆಗೆ ಆಗ ಬೇರೆ ಉತ್ತರ ಹುಡುಕಬೇಕು, ನಿಜ. ಆದರೂ ಆಡುನುಡಿ ತುಂಬಿದ ನಮ್ಮ ಕಥೆಗಳನ್ನು ಓದುವಾಗ ನಾನು ಮಾಯರ್ ಕಡೆಗೇ ವಾಲುತ್ತೇನೆ.

ಕಾಲ, ಸರ್ವನಾಮ ನೋಡಿ ಗುರುತಿಸುವ ಈ ಪರೀಕ್ಷೆ ಕನ್ನಡದಲ್ಲಿ ಕೈಕೊಡುವ ಜಾಗವೂ ಇದೆ. ನಮ್ಮ ಕಥೆಗಾರರು ಇಂಥ ಕಡೆ ಭೂತಕಾಲ ಬಿಟ್ಟು "ನಾಳೆ ಅತ್ತೆ ಬರುತ್ತಾರೆ" ಎಂದೂ ಬರೆಯುತ್ತಾರೆ. ಆಗ ಕಾಲ ಏನನ್ನೂ ಹೇಳುವುದಿಲ್ಲ. ಸುತ್ತ ಎಲ್ಲಾದರೂ 'ತಾನು' ಅಥವಾ 'ಅವಳು' ಸಿಕ್ಕರೆ ನಿರೂಪಕ ಜೊತೆಗಿದ್ದಾನೆ. 'ನಾನು' ಸಿಕ್ಕರೆ ಅದು ಅವಳ ನೇರ ಮಾತು. ಎರಡೂ ಇಲ್ಲದಿದ್ದರೆ ಆ ಒಂದು ವಾಕ್ಯವನ್ನಷ್ಟೇ ಇಟ್ಟುಕೊಂಡು ತೀರ್ಮಾನಿಸಲು ಆಗುವುದಿಲ್ಲ.