ಆಫರ್ ಇಮೇಲ್‌ನಲ್ಲಿ ಇಲ್ಲದ ಬಾಂಡ್ ನೇಮಕಾತಿ ಪತ್ರದಲ್ಲಿ ಬರಬಹುದಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಪುಡಿ ವ್ಯಾಪಾರ. ಮೂರು ಅಂಗಡಿ, ಒಂದು ಆಫೀಸು, ಒಟ್ಟು 24 ಜನ. ಅಕೌಂಟ್ಸ್ ನೋಡಿಕೊಳ್ಳಲು ಹಾಸನದ ಒಬ್ಬರಿಗೆ ‘ಸಂಬಳ ತಿಂಗಳಿಗೆ 30,000, ಒಂದನೇ ತಾರೀಖು ಬನ್ನಿ’ ಅಂತ ಇಮೇಲ್ ಕಳಿಸಿದೆವು. ಒಪ್ಪಿದರು, ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದರು. ಮೊದಲ ದಿನ ನೇಮಕಾತಿ ಪತ್ರ ಕೊಟ್ಟರೆ, ಎರಡು ವರ್ಷದ ಬಾಂಡ್ ಮತ್ತು ಮೂರು ತಿಂಗಳ ನೋಟಿಸ್ ನೋಡಿ ಸಹಿ ಹಾಕಲು ಒಪ್ಪುತ್ತಿಲ್ಲ. ಇಮೇಲ್‌ನಲ್ಲಿ ಏನೆಲ್ಲಾ ಬರೆಯಬೇಕಿತ್ತು?

ಉತ್ತರ: ಅವರು ಸಹಿ ಹಾಕದಿರುವುದರಲ್ಲಿ ತಪ್ಪಿಲ್ಲ. ನಿಮ್ಮ ಇಮೇಲ್‌ಗೆ ಅವರು ‘ಒಪ್ಪಿಗೆ’ ಅಂದಾಗಲೇ ಅದರಲ್ಲಿದ್ದಷ್ಟಕ್ಕೆ ಒಪ್ಪಂದ ಆಗಿಹೋಯಿತು. ಬರೀ ಇಮೇಲ್ ಅಲ್ವಾ ಅನ್ನುವ ಹಾಗಿಲ್ಲ. ಇಮೇಲ್‌ನಲ್ಲಿ ಆದ ಒಪ್ಪಂದವೂ ಕಾನೂನಿನ ಕಣ್ಣಿಗೆ ಒಪ್ಪಂದವೇ. ಆಮೇಲೆ ನೀವು ಸೇರಿಸಿದ ಬಾಂಡ್ ಹೊಸ ಪ್ರಸ್ತಾಪ. ಅದಕ್ಕೆ ಬೇಡ ಅನ್ನಬಹುದು.

ನಾನು ಬಳಸುವ ಅಳತೆ ಒಂದೇ. ಇದು ಗೊತ್ತಿದ್ದರೆ ಆ ಮನುಷ್ಯ ಹಳೇ ಕೆಲಸ ಬಿಡುತ್ತಿದ್ದರಾ? ಯೋಚಿಸುತ್ತಿದ್ದರು ಅನಿಸಿದರೆ ಅದು ಇಮೇಲ್‌ಗೇ ಹೋಗಬೇಕು. ಹುದ್ದೆ, ಊರು, ಸೇರುವ ತಾರೀಖು, ಸಂಬಳ, ಪ್ರೊಬೇಷನ್, ನೋಟಿಸ್ ಅವಧಿ, ಬಾಂಡ್ ಇದ್ದರೆ ಅದರ ಮೊತ್ತ ಮತ್ತು ಅವಧಿ. ಕಾಗದಪತ್ರ ಪರಿಶೀಲನೆ ಆದ ಮೇಲೆಯೇ ನೇಮಕ ಅನ್ನುವುದಾದರೆ ಅದನ್ನೂ ಇಲ್ಲೇ ಹೇಳಿ. ಎಷ್ಟನೇ ತಾರೀಖಿನೊಳಗೆ ಉತ್ತರ ಬರಬೇಕು ಅನ್ನುವುದನ್ನು ಹೆಚ್ಚಿನವರು ಮರೆಯುತ್ತಾರೆ. ಗಡುವಿಲ್ಲದ ಆಫರ್‌ಗೆ ತಿಂಗಳಾದ ಮೇಲೆ ‘ಒಪ್ಪಿಗೆ’ ಬಂದರೆ, ಅಷ್ಟರಲ್ಲಿ ನೀವು ಬೇರೆಯವರನ್ನು ತೆಗೆದುಕೊಂಡಿದ್ದರೆ, ಸುಮ್ನೆ ಜಗಳ.

ಬಾಂಡ್ ಅಂದ ತಕ್ಷಣ ಅಕ್ರಮ ಅಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಬ್ಯಾಂಕ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಮೂರು ವರ್ಷ, 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಆ ಷರತ್ತು ನೇಮಕಾತಿ ಪ್ರಕಟಣೆಯಲ್ಲೇ ಇತ್ತು. ಅರ್ಜಿ ಹಾಕುವವರಿಗೆ ಮೊದಲೇ ಗೊತ್ತಿತ್ತು. ನಿಮ್ಮವರಿಗೆ ಗೊತ್ತಾಗಿದ್ದು ಹಳೇ ಕೆಲಸ ಬಿಟ್ಟ ಮೇಲೆ.

ಸಂಬಳದ ಸಾಲಿನಲ್ಲೂ ಒಂದು ಎಡವಟ್ಟಿದೆ. ನೀವು 30,000 ಅಂದಿದ್ದು ಸಿಟಿಸಿನಾ, ಗ್ರಾಸ್ಸಾ? ಮೂಲ ವೇತನ 15,000 ಅಂತಿಟ್ಟುಕೊಳ್ಳಿ. ಪಿಎಫ್ ಶೇ 12ರಂತೆ ಅವರದು 1,800, ನಿಮ್ಮದು 1,800. 30,000 ಗ್ರಾಸ್ ಆದರೆ ಅವರ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 28,000. ಸಿಟಿಸಿ ಆದರೆ ನಿಮ್ಮ ಪಾಲಿನ 1,800 ಕೂಡ ಅದರೊಳಗಿಂದಲೇ ಹೋಗಿ ಕೈಗೆ 26,200. ಇಮೇಲ್‌ನಲ್ಲಿ ‘ಸಂಬಳ’ ಅಂತಷ್ಟೇ ಇದ್ದರೆ ಓದುವವರು ಜಾಸ್ತಿ ಇರುವ ಲೆಕ್ಕವನ್ನೇ ಹಿಡಿಯುತ್ತಾರೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಆ ಪದ ನಿಮ್ಮದು, ಆದ್ದರಿಂದ ಈ ಸಲ ಗ್ರಾಸ್ ಅಂತಲೇ ಲೆಕ್ಕ ಹಾಕಿ.

ಇಷ್ಟಾದ ಮೇಲೆ ಉಳಿದದ್ದು ನೇಮಕಾತಿ ಪತ್ರಕ್ಕೆ. ಸಂಬಳದ ಭಾಗಗಳ ಪಟ್ಟಿ, ರಜೆಯ ವಿವರ, ವ್ಯವಹಾರದ ಗುಟ್ಟು ಕಾಪಾಡುವುದು, ಲ್ಯಾಪ್‌ಟಾಪ್ ಹಿಂದಿರುಗಿಸುವುದು, ಶಿಸ್ತು ಕ್ರಮ. ಇವನ್ನೆಲ್ಲ ಇಮೇಲ್‌ಗೆ ತುರುಕಬೇಡಿ. ಅಲ್ಲಿ ಅರ್ಧಂಬರ್ಧ ಬರೆದ ರಜೆಯ ಸಾಲು ಆಮೇಲೆ ಪತ್ರದ ಸಾಲಿಗೆ ಹೊಂದದೆ ತಲೆನೋವಾಗುತ್ತದೆ. ‘ಆರು ತಿಂಗಳಲ್ಲಿ ಸಂಬಳ ಏರಿಸುತ್ತೇವೆ’ ಅನ್ನುವ ಪ್ರೀತಿಯ ಮಾತೂ ಬೇಡ. ಅದನ್ನೇ ತೋರಿಸಿ ಕೇಳುತ್ತಾರೆ.

‘ಉಳಿದ ನಿಯಮಗಳು ನೇಮಕಾತಿ ಪತ್ರದಂತೆ’ ಅಂತ ಒಂದು ಸಾಲು ಹಾಕಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ರಜೆ, ಶಿಸ್ತಿನಂಥ ವಿಷಯಕ್ಕೆ ಸಾಕು. ಬಾಂಡನ್ನು ಆ ಸಾಲಿನ ಹಿಂದೆ ಅಡಗಿಸಿಟ್ಟರೆ ವಾದಕ್ಕೆ ನಿಲ್ಲುವುದು ಕಷ್ಟ. ಪತ್ರದ ಕರಡನ್ನೇ ಇಮೇಲ್ ಜೊತೆ ಲಗತ್ತಿಸಿ, ‘ಇಮೇಲ್ ಮತ್ತು ಕರಡು ಎರಡನ್ನೂ ಓದಿ ಒಪ್ಪಿದ್ದೇನೆ’ ಅಂತ ಉತ್ತರ ತರಿಸಿಕೊಂಡರೆ ಈ ತಂಟೆಯೇ ಇರುವುದಿಲ್ಲ.

ಪತ್ರವನ್ನು ಕೊಡದೇ ಇರುವ ಹಾಗೂ ಇಲ್ಲ. ಅಂಗಡಿ, ಆಫೀಸುಗಳಿಗೆ ಅನ್ವಯಿಸುವ ರಾಜ್ಯದ 1961ರ ಕಾಯ್ದೆ, ಹೆಸರು, ಹುದ್ದೆ, ವೇತನ, ಷರತ್ತುಗಳಿರುವ ನೇಮಕಾತಿ ಆದೇಶವನ್ನು 30 ದಿನದೊಳಗೆ ಕೊಡಬೇಕು ಅನ್ನುತ್ತದೆ. ಆದ್ದರಿಂದ ಬಾಂಡಿನ ಸಾಲು ತೆಗೆಯಿರಿ. ನೋಟಿಸ್ ಎಷ್ಟಿರಲಿ ಅಂತ ಅವರನ್ನೇ ಕೂರಿಸಿ ಮಾತಾಡಿ. ಅಕೌಂಟ್ಸ್ ಕೆಲಸ ಬೇರೆಯವರಿಗೆ ಒಪ್ಪಿಸಲು ಒಂದು ತಿಂಗಳು ಸಾಕಾಗುತ್ತದೆ. ತಿದ್ದಿದ ಪತ್ರಕ್ಕೆ ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವರ ಕೈಗೆ ಕೊಡಿ.