ನೋಟಿಸ್ ಕೊಟ್ಟ ಮೇಲೂ ಜಿಮ್ ದುಡ್ಡು ಕಟ್ ಆಗ್ತಿದೆಯಾ?

ಪ್ರಶ್ನೆ: ಜಿಮ್‌ಗೆ ತಿಂಗಳಿಗೆ ₹2,500 ಯುಪಿಐ ಆಟೋಪೇ ಮಾಡಿದ್ದೆ. ಬಿಡೋದಾದರೆ 30 ದಿನ ಮೊದಲು ಇ-ಮೇಲ್ ಮಾಡಬೇಕು ಅಂತ ಒಪ್ಪಂದದಲ್ಲಿದೆ. ಮಾರ್ಚ್ 4ಕ್ಕೆ ಮೇಲ್ ಮಾಡಿದೆ. ಆದರೂ ಏಪ್ರಿಲ್, ಮೇ, ಜೂನ್ 10ನೇ ತಾರೀಕು ದುಡ್ಡು ಹೋಗಿದೆ. ಕೇಳಿದರೆ ‘ನೀವೇ ಬಂದು ಫಾರಂಗೆ ಸಹಿ ಹಾಕಬೇಕಿತ್ತು’ ಅಂತಾರೆ. ಬ್ಯಾಂಕ್‌ನವರು ‘ಜಿಮ್‌ನವರನ್ನೇ ಕೇಳಿ’ ಅಂತಾರೆ. ಏನು ಮಾಡಲಿ ಮೇಡಂ? — ಓದುಗರು, ಬೆಂಗಳೂರು

ಉತ್ತರ: ಮೊದಲು ಆಟೋಪೇ ರದ್ದು ಮಾಡಿ. ಇವತ್ತೇ ಮಾಡಿ, ಇಲ್ಲದಿದ್ದರೆ ಜುಲೈ 10ಕ್ಕೆ ಮತ್ತೆ ದುಡ್ಡು ಹೋಗುತ್ತದೆ. ನಿಮ್ಮ ಯುಪಿಐ ಆ್ಯಪ್‌ನ ಪ್ರೊಫೈಲ್‌ನಲ್ಲಿ ಆಟೋಪೇ ಅಂತ ಇರುತ್ತದೆ. ಅಲ್ಲಿ ಜಿಮ್ ಹೆಸರಿನ ಮ್ಯಾಂಡೇಟ್ ತೆರೆದು ರದ್ದು ಮಾಡಿ, ಪಿನ್ ಹಾಕಿ. ‘ಪಾಸ್’ ಒತ್ತಬೇಡಿ. ಪಾಸ್ ಅಂದರೆ ಸ್ವಲ್ಪ ದಿನ ನಿಲ್ಲಿಸೋದು ಅಷ್ಟೇ, ರದ್ದಾಗುವುದಿಲ್ಲ. ರದ್ದಾಗಿದೆ ಅಂತ ತೋರಿಸುವ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ದಿನಾಂಕ, ಮ್ಯಾಂಡೇಟ್ ನಂಬರ್ ಎರಡೂ ಅದರಲ್ಲಿ ಕಾಣಬೇಕು.

ನನಗೆ ಬರುವ ಇಂಥ ಪತ್ರಗಳಲ್ಲಿ ಹೆಚ್ಚಿನವರು ತಪ್ಪೋದು ಒಂದೇ ಕಡೆ. ಜಿಮ್ ಜೊತೆಗಿನ ಒಪ್ಪಂದ ಬೇರೆ, ಬ್ಯಾಂಕಿಗೆ ನೀವು ಕೊಟ್ಟ ಅನುಮತಿ ಬೇರೆ. ನೋಟಿಸ್ ಕೊಟ್ಟರೆ ಒಪ್ಪಂದ ಮುಗಿಯುತ್ತದೆ, ಅನುಮತಿ ಹಾಗೇ ಉಳಿಯುತ್ತದೆ. ನೀವು ಮೇಲ್ ಮಾಡಿದ್ದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ಜಿಮ್‌ನ ಕಂಪ್ಯೂಟರ್ ಕೇಳಿದಾಗೆಲ್ಲ ಬ್ಯಾಂಕ್ ಕೊಡುತ್ತಾ ಹೋಗುತ್ತದೆ. ಇನ್ನು ಕೆಲವರು ಇದನ್ನು ಉಲ್ಟಾ ಮಾಡುತ್ತಾರೆ. ನೋಟಿಸ್ ಕೊಡದೆ ಸುಮ್ನೆ ಆಟೋಪೇ ಕಿತ್ತು ಹಾಕುತ್ತಾರೆ. ಆಮೇಲೆ ಜಿಮ್‌ನವರು ‘ಬಾಕಿ ಕಟ್ಟಿ’ ಅಂತ ಬೆನ್ನು ಹತ್ತುತ್ತಾರೆ, ಆ ಮಾತಿಗೆ ಸ್ವಲ್ಪ ಬಲವೂ ಇರುತ್ತದೆ. ಎರಡನ್ನೂ ಮಾಡಬೇಕು. ನೋಟಿಸ್ ಮೊದಲು, ಕೊಡಬೇಕಾದ ಕೊನೆಯ ಕಂತು ಹೋದ ಮೇಲೆ ಆಟೋಪೇ ರದ್ದು.

ಈಗ ಲೆಕ್ಕಕ್ಕೆ ಬರೋಣ. ಮಾರ್ಚ್ 4ರ ನೋಟಿಸಿನ 30 ದಿನ ಏಪ್ರಿಲ್ 3ಕ್ಕೆ ಮುಗಿಯಿತು. ಮಾರ್ಚ್ 10ಕ್ಕೆ ಹೋದ ₹2,500 ಏಪ್ರಿಲ್ 9ರ ತನಕದ್ದು. ನೋಟಿಸ್ ಅವಧಿ ಅದರೊಳಗೇ ಬರುತ್ತದೆ, ಹಾಗಾಗಿ ಅದನ್ನು ವಾಪಸ್ ಕೇಳಬೇಡಿ. ಆಮೇಲಿನ ಮೂರು ಕಂತು, ಅಂದರೆ ₹7,500, ನಿಮ್ಮದು. ಸಿಟ್ಟಿನಲ್ಲಿ ‘ಆರು ತಿಂಗಳ ದುಡ್ಡೂ ಕೊಡಿ’ ಅಂತ ಬರೆಯಬೇಡಿ. ಲೆಕ್ಕ ಸರಿ ಇಲ್ಲದ ದೂರನ್ನು ಯಾರೂ ಗಂಭೀರವಾಗಿ ಓದುವುದಿಲ್ಲ.

ಫಾರಂ ವಿಷಯಕ್ಕೆ ಬಂದರೆ, ಒಪ್ಪಂದದಲ್ಲಿ ಇ-ಮೇಲ್ ಸಾಕು ಅಂತಿದ್ದಾಗ ಕೌಂಟರ್‌ನಲ್ಲಿ ಕೂತವರು ಬಾಯಿಮಾತಿನಲ್ಲಿ ಹೊಸ ಷರತ್ತು ಸೇರಿಸಲು ಆಗುವುದಿಲ್ಲ. ಆದರೆ ನೀವು ಮೇಲ್ ಕಳಿಸಿದ ವಿಳಾಸ ಒಪ್ಪಂದದಲ್ಲಿ ಇರುವುದೇನಾ ಅಂತ ಒಮ್ಮೆ ನೋಡಿ. ಟ್ರೈನರ್‌ಗೆ ವಾಟ್ಸ್ಯಾಪ್ ಮಾಡಿ ‘ನೋಟಿಸ್ ಕೊಟ್ಟೆ’ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಟ್ರೈನರ್ ಕೆಲಸ ಬಿಟ್ಟು ಹೋದರೆ ನಿಮ್ಮ ನೋಟಿಸೂ ಅವನ ಜೊತೆ ಹೋಯಿತು. ಇನ್ನೊಂದು ಮಾತು. ಏಪ್ರಿಲ್ 9ರ ನಂತರ ಒಂದು ದಿನವಾದರೂ ಜಿಮ್‌ಗೆ ಹೋಗಿ ಬೆರಳಚ್ಚು ಒತ್ತಿದ್ದೀರಾ? ಹೋಗಿದ್ದರೆ ‘ಇವರು ಸೇವೆ ಬಳಸಿದ್ದಾರೆ’ ಅಂತ ಅವರು ಹಾಜರಿ ತೆಗೆದು ತೋರಿಸುತ್ತಾರೆ. ಹೋಗಿಲ್ಲದಿದ್ದರೆ ಅದೇ ಹಾಜರಿ ನಿಮ್ಮ ಸಾಕ್ಷಿ. ಅದನ್ನು ಬರಹದಲ್ಲೇ ಕೇಳಿ.

ಮಾರ್ಚ್ 4ರ ಮೇಲ್‌ಗೇ ರಿಪ್ಲೈ ಮಾಡಿ ಹೀಗೆ ಬರೆಯಿರಿ. ಹೊಸ ಮೇಲ್ ಬೇಡ, ಹಳೆಯ ದಿನಾಂಕ ಕೆಳಗೆ ಕಾಣುತ್ತಿರಬೇಕು.

*“ಮಾರ್ಚ್ 4ರ ನೋಟಿಸಿನ ಪ್ರಕಾರ ನನ್ನ ಮೆಂಬರ್‌ಶಿಪ್ ಏಪ್ರಿಲ್ 3ಕ್ಕೆ ಮುಗಿದಿದೆ. ಆ ನಂತರ ಏಪ್ರಿಲ್ 10, ಮೇ 10, ಜೂನ್ 10ರಂದು ತಲಾ ₹2,500ರಂತೆ ಒಟ್ಟು ₹7,500 ನನ್ನ ಖಾತೆಯಿಂದ ಪಡೆದಿದ್ದೀರಿ. ಇದನ್ನು 15 ದಿನದೊಳಗೆ ಅದೇ ಖಾತೆಗೆ ಹಿಂದಿರುಗಿಸಿ. ಏಪ್ರಿಲ್ 9ರ ನಂತರದ ನನ್ನ ಹಾಜರಿ ದಾಖಲೆಯನ್ನೂ ಕಳಿಸಿ.”*

ಬ್ಯಾಂಕ್ ಸ್ಟೇಟ್‌ಮೆಂಟ್‌ನ ಆ ಮೂರು ಸಾಲು ಲಗತ್ತಿಸಿ. ಇದನ್ನೇ ಪ್ರಿಂಟ್ ತೆಗೆದು ಕಂಪನಿಯ ಮುಖ್ಯ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಫೋನಿನಲ್ಲಿ ‘ಆಯ್ತು ಮೇಡಂ, ಮಾಡಿಸ್ತೀವಿ’ ಅಂದರೆ ಅದು ಉತ್ತರವಲ್ಲ. ‘ಮೇಲ್‌ನಲ್ಲಿ ಹಾಕಿ’ ಅಂತ ಹೇಳಿ ಫೋನ್ ಇಡಿ. ದುಡ್ಡಿನ ಬದಲು ‘ಮೂರು ತಿಂಗಳು ಫ್ರೀ ಕೊಡ್ತೀವಿ’ ಅಂದರೆ ಒಪ್ಪಬೇಡಿ. ಒಪ್ಪಿದರೆ ಮೆಂಬರ್‌ಶಿಪ್ ಇನ್ನೂ ಇದೆ ಅಂತ ನೀವೇ ಹೇಳಿದ ಹಾಗಾಗುತ್ತದೆ.

15 ದಿನ ಕಳೆದರೂ ದುಡ್ಡು ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಥವಾ consumerhelpline.gov.in ನಲ್ಲಿ ದೂರು ಹಾಕಿ. ಅವರು ಕಂಪನಿಗೆ ದೂರು ಕಳಿಸಿ ಉತ್ತರ ಕೇಳುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆದರೂ ಎಷ್ಟೋ ದೂರುಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. e-Jagriti ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದ ಗಡುವಿದೆ. ಅಷ್ಟು ದಿನ ಕಾಯಬೇಡಿ.

ಬ್ಯಾಂಕ್‌ನವರು ನಿಮಗೆ ಹೇಳಿದ್ದು ಈ ಮೂರು ಕಂತಿನ ಮಟ್ಟಿಗೆ ಸರಿ, ಆಗ ಮ್ಯಾಂಡೇಟ್ ಜೀವಂತ ಇತ್ತಲ್ವಾ. ಆದರೆ ರದ್ದು ಮಾಡಿದ ಮೇಲೂ ದುಡ್ಡು ಹೋದರೆ ಜವಾಬು ಕೊಡಬೇಕಾದವರು ಬ್ಯಾಂಕ್‌ನವರೇ. ಆಗ ಸ್ಕ್ರೀನ್‌ಶಾಟ್ ಸಮೇತ ಅದೇ ದಿನ ಅವರಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿ ಹೋಗದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅಂದ ಹಾಗೆ, ಆಟೋಪೇ ದುಡ್ಡು ಹೋಗುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಆ ಮೆಸೇಜನ್ನು ಜಾಹೀರಾತು ಅಂದುಕೊಂಡು ಅಳಿಸಬೇಡಿ ಅಂತ ಎಷ್ಟು ಸಲ ಬರೆದರೂ ಜನ ಅಳಿಸುತ್ತಲೇ ಇದ್ದಾರೆ.

ಪ್ರಶ್ನೆ: ವರ್ಷದ ಪ್ಯಾಕೇಜ್ ಇಎಂಐನಲ್ಲಿ ತಗೊಂಡೆ. ಈಗ ಜಿಮ್ ಬಿಟ್ಟಿದ್ದೇನೆ. ಖಾತೆಯಲ್ಲಿ ದುಡ್ಡು ಇಡದಿದ್ದರೆ ತಾನಾಗೇ ನಿಲ್ಲುತ್ತದಾ? — ಮೈಸೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅದು ಜಿಮ್ ಶುಲ್ಕವಲ್ಲ, ಫೈನಾನ್ಸ್ ಕಂಪನಿಯ ಸಾಲ. ವರ್ಷದ ದುಡ್ಡು ಆಗಲೇ ಜಿಮ್ ಕೈ ಸೇರಿರುತ್ತದೆ. ಕಂತು ಬೌನ್ಸ್ ಆದರೆ ದಂಡ ಬೀಳುತ್ತದೆ, ಸಿಬಿಲ್ ಸ್ಕೋರ್ ಕೆಡುತ್ತದೆ. ಒಪ್ಪಂದದಲ್ಲಿ ರಿಫಂಡ್‌ಗೆ ಅವಕಾಶ ಇದ್ದರೆ, ಉಳಿದ ತಿಂಗಳ ದುಡ್ಡು ಫೈನಾನ್ಸ್ ಕಂಪನಿಗೆ ಕಟ್ಟಿ ಸಾಲ ಮುಚ್ಚಿಸಿ ಅಂತ ಜಿಮ್‌ಗೆ ಬರೆಯಿರಿ, ಅದರ ಪ್ರತಿಯನ್ನು ಫೈನಾನ್ಸ್ ಕಂಪನಿಗೂ ಕಳಿಸಿ. ‘ಸಾಲ ಮುಗಿದಿದೆ’ ಎಂಬ ಪತ್ರ ಕೈಗೆ ಬರುವ ತನಕ ಕಂತು ಕಟ್ಟಿ.

ಪ್ರಶ್ನೆ: ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ್ದೇನೆ, ಸಾಕಲ್ವಾ? — ಹುಬ್ಬಳ್ಳಿ

ಉತ್ತರ: ಸಾಲದು. ಮ್ಯಾಂಡೇಟ್ ಇರುವುದು ಬ್ಯಾಂಕಿನಲ್ಲಿ, ನಿಮ್ಮ ಫೋನಿನಲ್ಲಲ್ಲ.

ಪ್ರಶ್ನೆ: ಪೊಲೀಸ್ ಸ್ಟೇಷನ್‌ನಲ್ಲಿ ಚೀಟಿಂಗ್ ಕೇಸ್ ಹಾಕಲಾ? — ದಾವಣಗೆರೆ

ಉತ್ತರ: ಒಪ್ಪಂದದ ಜಗಳಕ್ಕೆ ಗ್ರಾಹಕರ ಆಯೋಗಕ್ಕೆ ಹೋಗಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಬ್ಬರು 20% ಕಮಿಷನ್‌ಗೆ ರಿಫಂಡ್ ಕೊಡಿಸ್ತಾರಂತೆ. ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಹಾಕಿಕೊಳ್ಳಿ ಅಂದರು. — ತುಮಕೂರು

ಉತ್ತರ: ಅವರು ಕಳ್ಳರು. ಆ್ಯಪ್ ಹಾಕಿಕೊಂಡಿದ್ದರೆ ಈಗಲೇ ಇಂಟರ್‌ನೆಟ್ ಆಫ್ ಮಾಡಿ ಅದನ್ನು ತೆಗೆಯಿರಿ. ಬ್ಯಾಂಕಿಗೆ ಹೇಳಿ ಖಾತೆಯ ಆನ್‌ಲೈನ್ ವ್ಯವಹಾರ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.